ಟೀಮ್ಸ್‌ನಲ್ಲಿ ಸಂದೇಶ ಅಳಿಸಲು ಬರುತ್ತಿಲ್ಲವೇ? ಅಡ್ಡಿ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳೂ ಯಂತ್ರಭಾಗ ತಯಾರಿಸುವ ಕಾರ್ಖಾನೆಗಳೂ ಸಾಲಾಗಿ ನಿಂತಿವೆ. ಅಂಥ ಕೆಲವು ಕಾರ್ಖಾನೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಶನಿವಾರ ಮಧ್ಯಾಹ್ನ ಅಂಥದೊಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು. ಮಾತನಾಡುತ್ತಿದ್ದ ಹೆಣ್ಣುಮಗಳ ಧ್ವನಿ ನಡುಗುತ್ತಿತ್ತು. ನಲವತ್ತೊಂದು ಕಾರ್ಮಿಕರ ಸಂಬಳದ ಪಟ್ಟಿ, ಬ್ಯಾಂಕ್ ಖಾತೆ ಸಂಖ್ಯೆಗಳ ಸಮೇತ, ವ್ಯವಸ್ಥಾಪಕರಿಗೆ ಹೋಗುವ ಬದಲು ಸರಕು ರವಾನೆಯ ಚಾನೆಲ್‌ಗೆ ಹೋಗಿತ್ತು. ಆ ಚಾನೆಲ್‌ನಲ್ಲಿ ಹದಿನೆಂಟು ಜನರಿದ್ದರು. ಸಂದೇಶವನ್ನು ಒತ್ತಿ ಹಿಡಿದರೆ ಅಳಿಸುವ ಆಯ್ಕೆಯೇ ಕಾಣುತ್ತಿರಲಿಲ್ಲ. ಮೊಬೈಲ್ ಆರಿಸಿ ಹಚ್ಚಿದ್ದರು, ಆ್ಯಪ್ ತೆಗೆದು ಮತ್ತೆ ಹಾಕಿಕೊಂಡಿದ್ದರು. ಆ ಗಡಿಬಿಡಿಯಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು, ಪಟ್ಟಿ ಮಾತ್ರ ಎಲ್ಲರ ಕಣ್ಣೆದುರಿಗೇ ಇತ್ತು.

ಆ ಇಪ್ಪತ್ತು ನಿಮಿಷ ಉಳಿಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಕಚೇರಿಯ ಚಾಟ್‌ನಲ್ಲಿ ಸಂದೇಶ ಅಳಿಸಲು ಬರದಿದ್ದರೆ ತಪ್ಪು ಮೊಬೈಲಿನದ್ದಾಗಿರುವುದು ಬಹಳ ಅಪರೂಪ. ಸಾಮಾನ್ಯವಾಗಿ ಯಾರೋ ಒಬ್ಬರು ಬೇಕೆಂದೇ ಬೀಗ ಹಾಕಿರುತ್ತಾರೆ. ಆ ಬೀಗ ಯಾವುದು, ಕೀಲಿ ಯಾರ ಬಳಿ ಇದೆ ಎಂಬುದನ್ನು ನಿಮ್ಮ ಪರದೆಯ ಲಕ್ಷಣಗಳೇ ಹೇಳುತ್ತವೆ. ಇಲ್ಲಿನ ವಿವರಗಳು ಮೈಕ್ರೋಸಾಫ್ಟ್ ಟೀಮ್ಸ್‌ಗೆ ಸಂಬಂಧಿಸಿದವು, ಏಕೆಂದರೆ ನಾನು ದಿನಾಲೂ ಕೈಯಾಡಿಸುವುದು ಅದರಲ್ಲಿಯೇ.

## ಮೊದಲು ಎರಡು ಬೀಗಗಳನ್ನು ಬೇರೆ ಬೇರೆಯಾಗಿ ನೋಡಿ

«ಅಡ್ಮಿನ್ ರಿಟೆನ್ಷನ್ ಪಾಲಿಸಿ ಹಾಕಿದ್ದಾರೆ, ಅದಕ್ಕೇ ಅಳಿಸಲು ಬರುವುದಿಲ್ಲ» ಎಂದು ಕಚೇರಿಗಳಲ್ಲಿ ಹೇಳುತ್ತಾರೆ. ಅದು ಅರ್ಧ ನಿಜ.

ಒಂದನೆಯ ಬೀಗ ಅನುಮತಿಯದು. ನಿಮಗೆ Delete ಗುಂಡಿ ಕಾಣಬೇಕೋ ಬೇಡವೋ ಎಂಬುದನ್ನು ಅದು ತೀರ್ಮಾನಿಸುತ್ತದೆ. ಎರಡನೆಯದು ಸಂಗ್ರಹ ನಿಯಮ. ರಿಟೆನ್ಷನ್ ಪಾಲಿಸಿ ಎಂದು ಕರೆಯುವುದು ಇದನ್ನೇ. ಇದು ಗುಂಡಿಯನ್ನು ಮುಟ್ಟುವುದೇ ಇಲ್ಲ. ನೀವು ಅಳಿಸಿದಾಗ ಸಂದೇಶ ಪರದೆಯಿಂದ ಹೋಗುತ್ತದೆ, ಆದರೆ ಅದರ ಪ್ರತಿಯೊಂದನ್ನು ಸಂಸ್ಥೆಯ ಮರೆಯ ಉಗ್ರಾಣದಲ್ಲಿ ನಿಗದಿತ ಅವಧಿಯವರೆಗೆ ಇಟ್ಟುಕೊಳ್ಳಲಾಗುತ್ತದೆ. ಒಂದು ಬೀಗ ಕೈಯನ್ನು ತಡೆಯುತ್ತದೆ, ಇನ್ನೊಂದು ಕೈ ಮಾಡಿದ ಕೆಲಸ ಪೂರ್ತಿಯಾಗದಂತೆ ತಡೆಯುತ್ತದೆ. ಎಷ್ಟೋ ಸಂಸ್ಥೆಗಳು ಒಂದೇ ದಿನ ಎರಡನ್ನೂ ಹಾಕುವುದರಿಂದ ನೌಕರರಿಗೆ ಎರಡೂ ಒಂದೇ ಎನಿಸಿಬಿಟ್ಟಿದೆ.

ಇದಿಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಪರೀಕ್ಷೆಗಳು ಸುಲಭ.

## ಲಕ್ಷಣ: ಒಂದು ಕಡೆ Delete ಕಾಣುತ್ತದೆ, ಇನ್ನೊಂದು ಕಡೆ ಇಲ್ಲ

ಖರ್ಚಿಲ್ಲದ, ಅರ್ಧ ನಿಮಿಷದ ಪರೀಕ್ಷೆಯಿಂದ ಶುರು ಮಾಡೋಣ. ಪಕ್ಕದ ಮೇಜಿನ ಸಹೋದ್ಯೋಗಿಗೆ ಖಾಸಗಿ ಚಾಟ್‌ನಲ್ಲಿ «ಪರೀಕ್ಷೆ» ಎಂದು ಒಂದು ಪದ ಕಳುಹಿಸಿ. ಕಂಪ್ಯೂಟರ್‌ನಲ್ಲಾದರೆ ಆ ಸಂದೇಶದ ಮೇಲೆ ಮೌಸ್ ತಂದು ಮೂರು ಚುಕ್ಕಿಗಳನ್ನು ಒತ್ತಿ, ಮೊಬೈಲ್‌ನಲ್ಲಾದರೆ ಬೆರಳಿನಿಂದ ಒತ್ತಿ ಹಿಡಿಯಿರಿ. Delete ಇದೆಯೇ ನೋಡಿ. ಆಮೇಲೆ ತೊಂದರೆ ಕೊಡುತ್ತಿರುವ ಸಂದೇಶದ ಮೇಲೆಯೂ ಹಾಗೆಯೇ ಮಾಡಿ.

ಖಾಸಗಿ ಚಾಟ್‌ನಲ್ಲಿ ಇದ್ದು ಚಾನೆಲ್‌ನಲ್ಲಿ ಇಲ್ಲದಿದ್ದರೆ ಸಮಾಧಾನ ಪಡಿ. ಇಡೀ ಸಂಸ್ಥೆ ನಿಮ್ಮ ಕೈ ಕಟ್ಟಿಲ್ಲ, ಆ ಚಾನೆಲ್ ಸೇರಿರುವ ಒಂದು ತಂಡದಲ್ಲಿ ಮಾತ್ರ ಅನುಮತಿ ಇಲ್ಲ. ಪ್ರತಿ ತಂಡಕ್ಕೂ ಒಬ್ಬರೋ ಇಬ್ಬರೋ ಓನರ್ ಇರುತ್ತಾರೆ. ತಂಡದ ಹೆಸರಿನ ಪಕ್ಕದ ಮೂರು ಚುಕ್ಕಿಗಳಿಂದ Manage team ಗೆ ಹೋಗಿ, Settings ನಲ್ಲಿ Member permissions ತೆರೆದರೆ, ಸದಸ್ಯರು ತಮ್ಮ ಸಂದೇಶಗಳನ್ನು ಅಳಿಸಬಹುದೇ, ತಿದ್ದಬಹುದೇ ಎಂಬ ಎರಡು ಬೇರೆ ಬೇರೆ ಗುರುತುಗಳು ಅವರಿಗೆ ಕಾಣುತ್ತವೆ. ಅಳಿಸುವ ಗುರುತು ತೆಗೆದಿದ್ದರೆ ಸದಸ್ಯರ ಗುಂಡಿ ಮಾಯವಾಗುತ್ತದೆ. ಇದನ್ನು ಸರಿಪಡಿಸಲು ಕಂಪ್ಯೂಟರ್ ವಿಭಾಗವೇ ಬೇಕಿಲ್ಲ, ಓನರ್ ಸಾಕು.

ಆ ಶನಿವಾರ ನಡೆದದ್ದು ಇದೇ. ಆ ಹೆಣ್ಣುಮಗಳು ನನಗೊಂದು «ಪರೀಕ್ಷೆ» ಕಳುಹಿಸಿ, «ಸರ್, ಇಲ್ಲಿ ಕಾಣುತ್ತಿದೆ, ಅಲ್ಲಿ ಮಾತ್ರ ಇಲ್ಲ» ಎಂದರು. ಒಂದೇ ವಾಕ್ಯದಲ್ಲಿ ಕಾರಣ ಸಿಕ್ಕಿತು. ಆ ತಂಡದ ಓನರ್ ಉತ್ಪಾದನಾ ವಿಭಾಗದ ಸಾಹೇಬರು. ಲಾರಿ ಹೊರಟ ವೇಳೆಯ ಬಗ್ಗೆ ಹಿಂದೆ ಜಗಳವಾಗಿ, ಯಾರೋ ತಮ್ಮ ಸಂದೇಶ ಅಳಿಸಿದ್ದರಂತೆ. ಅಂದಿನಿಂದ ಅವರು ಆ ಗುರುತು ತೆಗೆದಿಟ್ಟಿದ್ದರು. ಅವರಿಗೆ ಕಾರಣವಿತ್ತು, ಹಾಗಾಗಿ ಕಾಯಂ ಬದಲಿಸಿ ಎಂದು ನಾನು ಕೇಳಲಿಲ್ಲ. ಹತ್ತು ನಿಮಿಷ ತೆರೆದು ಮತ್ತೆ ಮುಚ್ಚಿ ಎಂದೆ, ಅವರು ಒಪ್ಪಿದರು.

ಇದೇ ಲಕ್ಷಣಕ್ಕೆ ಇನ್ನೆರಡು ಸಣ್ಣ ಕಾರಣಗಳಿವೆ. ತಂಡವನ್ನು ಆರ್ಕೈವ್ ಮಾಡಿದ್ದರೆ ಅದು ಓದಲಷ್ಟೇ ಉಳಿಯುತ್ತದೆ, ಅಲ್ಲಿ ಯಾರಿಗೂ ಅಳಿಸಲು ಬರುವುದಿಲ್ಲ. ನೀವು ಬೇರೆ ಸಂಸ್ಥೆಯ ತಂಡದಲ್ಲಿ ಅತಿಥಿಯಾಗಿದ್ದರೆ, ಅಳಿಸುವ ಅನುಮತಿ ಆ ಸಂಸ್ಥೆಯ ಅತಿಥಿ ನಿಯಮಕ್ಕೆ ಒಳಪಟ್ಟಿರುತ್ತದೆ. ಪುಣೆಯ ಅಥವಾ ಬೆಂಗಳೂರಿನ ಗ್ರಾಹಕ ಕಂಪನಿಯ ತಂಡಕ್ಕೆ ಸೇರಿಕೊಂಡ ನಮ್ಮ ಊರಿನ ಪೂರೈಕೆದಾರರು ಇದನ್ನು ನಮ್ಮ ಅಡ್ಮಿನ್‌ಗೆ ಕೇಳುತ್ತಾರೆ. ಇಲ್ಲಿನ ಅಡ್ಮಿನ್ ಅಲ್ಲಿ ಏನನ್ನೂ ಮಾಡಲಾರ, ಆ ಕಂಪನಿಯ ಅಡ್ಮಿನ್‌ಗೇ ಕೇಳಬೇಕು.

## ಲಕ್ಷಣ: ಎಲ್ಲಿಯೂ Delete ಇಲ್ಲ

ಖಾಸಗಿ ಚಾಟ್‌ನ «ಪರೀಕ್ಷೆ»ಯ ಮೇಲೂ ಗುಂಡಿ ಇಲ್ಲವೆಂದರೆ ಮೊದಲು ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದು ಅಲ್ಲಿಂದ ಟೀಮ್ಸ್‌ಗೆ ಹೋಗಿ ನೋಡಿ. ಅಲ್ಲಿ ಕಂಡರೆ ಹಳೆಯ ಆ್ಯಪ್‌ನ ತೊಂದರೆ, ಲಾಗೌಟ್ ಆಗಿ ಮತ್ತೆ ಲಾಗಿನ್ ಆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿಯೂ ಇಲ್ಲದಿದ್ದರೆ ಆ್ಯಪ್ ಜೊತೆ ಗುದ್ದಾಡುವುದನ್ನು ಬಿಡಿ.

ಈಗ ಪಕ್ಕದವರ ಪರದೆ ನೋಡಿ. ಅವರಿಗೂ ಇಲ್ಲವೆಂದರೆ ಇಡೀ ಸಂಸ್ಥೆಗೆ ಅನ್ವಯವಾಗುವ ಮೆಸೇಜಿಂಗ್ ಪಾಲಿಸಿಯಲ್ಲಿ ಅಡ್ಮಿನ್ ಅಳಿಸುವ ಅನುಮತಿ ತೆಗೆದಿದ್ದಾರೆ. ಅವರಿಗೆ ಇದ್ದು ನಿಮಗೆ ಮಾತ್ರ ಇಲ್ಲವೆಂದರೆ ನಿಮ್ಮ ವಿಭಾಗಕ್ಕೆ ಅಥವಾ ಹುದ್ದೆಗೆ ಪ್ರತ್ಯೇಕ ಪಾಲಿಸಿ ಹಚ್ಚಿದ್ದಾರೆ. ಖರೀದಿ, ಲೆಕ್ಕಪತ್ರ, ಗುಣಮಟ್ಟ ತಪಾಸಣೆಯವರಿಗೆ ಹೀಗೆ ಮಾಡುವುದನ್ನು ನಾನು ಹಲವು ಕಡೆ ಕಂಡಿದ್ದೇನೆ, ಏಕೆಂದರೆ ದರ ಒಪ್ಪಿದ್ದು, ಬ್ಯಾಚ್ ತಿರಸ್ಕರಿಸಿದ್ದು ಈಗ ಚಾಟ್‌ನಲ್ಲಿಯೇ ನಡೆಯುತ್ತದೆ. ಇದರ ಅರ್ಥ ನಿಮ್ಮ ಮೇಲೆ ಅನುಮಾನವಿದೆ ಎಂದಲ್ಲ. ಆ ಮೇಜಿಗೆ ಯಾರು ಬಂದು ಕುಳಿತರೂ ಅದೇ ಪಾಲಿಸಿ ಬರುತ್ತದೆ.

ಇಲ್ಲಿ ನೌಕರನ ಕೈಯಲ್ಲಿ ಉಳಿದಿರುವ ಒಂದು ದಾರಿ Edit. ಅಳಿಸುವುದು, ತಿದ್ದುವುದು ಬೇರೆ ಬೇರೆ ಅನುಮತಿಗಳಾದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಬಿಟ್ಟಿರುವುದುಂಟು. ತಪ್ಪಿ ಹೋದ ಖಾತೆ ಸಂಖ್ಯೆಯನ್ನು ತಿದ್ದಿ, «ತಪ್ಪಾಗಿ ಇಲ್ಲಿಗೆ ಬಂದಿತ್ತು, ತೆಗೆದಿದ್ದೇನೆ» ಎಂದು ಬರೆಯಿರಿ. ನೋಡುವವರ ಕಣ್ಣಿನಿಂದ ಸಂಖ್ಯೆ ಮರೆಯಾಗುತ್ತದೆ. ಸಂಗ್ರಹ ನಿಯಮವಿದ್ದರೆ ತಿದ್ದುವ ಮೊದಲಿನ ರೂಪದ ಪ್ರತಿಯೂ ಉಗ್ರಾಣಕ್ಕೆ ಹೋಗುತ್ತದೆ. ಆದ್ದರಿಂದ ಇದು ಸೋರಿಕೆ ನಿಲ್ಲಿಸುವ ಉಪಾಯ, ಮುಚ್ಚಿಡುವ ಉಪಾಯವಲ್ಲ.

ಸ್ಲ್ಯಾಕ್‌ನಲ್ಲಿ ಕಥೆ ಹೆಚ್ಚು ಬೇರೆಯಲ್ಲ. ಅಲ್ಲಿಯೂ ಯಾರು ಅಳಿಸಬಹುದು ಎಂಬುದು ಒಂದು ಗುರುತು, ಎಷ್ಟು ದಿನ ಇಡಬೇಕು ಎಂಬುದು ಇನ್ನೊಂದು ಗುರುತು. ಗೂಗಲ್ ಚಾಟ್‌ನಲ್ಲಿ ನೌಕರ ಅಳಿಸಿದ್ದನ್ನು ಸಂಸ್ಥೆಯು ವಾಲ್ಟ್ ಎಂಬ ಸಂಗ್ರಹದಲ್ಲಿ ಉಳಿಸಿಕೊಳ್ಳಬಹುದು.

## ಲಕ್ಷಣ: ನನಗೆ ಅಳಿದಿದೆ, ಬೇರೆಯವರಿಗೆ ಇನ್ನೂ ಕಾಣುತ್ತಿದೆ

ನೀವು ಅಳಿಸಿದ್ದು ಸಂದೇಶವನ್ನೋ ಇಡೀ ಚಾಟನ್ನೋ ಎಂದು ನೆನಪಿಸಿಕೊಳ್ಳಿ. ಎಡಗಡೆಯ ಪಟ್ಟಿಯಲ್ಲಿ ಚಾಟ್‌ನ ಹೆಸರಿನ ಮೇಲೆ ಒತ್ತಿ ಅಳಿಸಿದರೆ ಅದು ನಿಮ್ಮ ಪಟ್ಟಿಯಿಂದ ಮಾತ್ರ ಹೋಗುತ್ತದೆ, ಎದುರಿನವರ ಬಳಿ ಪೂರ್ತಿ ಹಾಗೆಯೇ ಇರುತ್ತದೆ. ಇದರಲ್ಲಿ ಮೋಸ ಹೋದವರು ಬಹಳ. ಇನ್ನೂ ಕೆಟ್ಟದ್ದೆಂದರೆ, ಹಾಗೆ ಮಾಡಿದ ಮೇಲೆ ಆ ಒಂದು ಸಂದೇಶವನ್ನು ಹುಡುಕಿ ಅಳಿಸಲು ನಿಮಗೇ ದಾರಿ ತಪ್ಪುತ್ತದೆ. ಆದ್ದರಿಂದ ಮೊದಲು ಸಂದೇಶ, ಬೇಕಿದ್ದರೆ ಆಮೇಲೆ ಚಾಟ್.

ಸಂದೇಶವನ್ನೇ ಅಳಿಸಿದ್ದರೆ ಆ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಸಾಲು ಬರುತ್ತದೆ, ನಿಮಗೆ ಪಕ್ಕದಲ್ಲಿ Undo ಕಾಣುತ್ತದೆ. ಆ Undo ಕಂಡರೆ ಅಳಿಸುವ ಕೆಲಸ ಆಗಿದೆ ಎಂದೇ ಅರ್ಥ. ಯಾರಿಗಾದರೂ ಇನ್ನೂ ಹಳೆಯ ಸಂದೇಶ ಕಂಡರೆ ಅವರ ಮೊಬೈಲ್ ಇಂಟರ್ನೆಟ್‌ಗೆ ಬಂದಿರಲಿಕ್ಕಿಲ್ಲ, ಬಂದ ಕೂಡಲೇ ಹೋಗುತ್ತದೆ. ಆದರೆ ಮೊಬೈಲ್ ಪರದೆಯ ಮೇಲೆ ಈಗಾಗಲೇ ಬಂದುಬಿದ್ದ ಸೂಚನೆಯನ್ನೋ, ಟೀಮ್ಸ್ ಅವರ ಇಮೇಲ್‌ಗೆ ಕಳುಹಿಸಿದ ಸಾರಾಂಶವನ್ನೋ ನಿಮ್ಮ ಅಳಿಸುವಿಕೆ ಮುಟ್ಟುವುದಿಲ್ಲ.

## ಲಕ್ಷಣ: ಸಂದೇಶ ಹೋಯಿತು, ಕಡತ ಉಳಿಯಿತು

ನನ್ನ ಅನುಭವದಲ್ಲಿ ನಿಜವಾದ ಹಾನಿ ಆಗುವುದು ಇಲ್ಲಿ. ಟೀಮ್ಸ್‌ನ ಸಂದೇಶದೊಳಗೆ ಕಡತ ಇರುವುದಿಲ್ಲ, ಕಡತದ ಕೊಂಡಿ ಇರುತ್ತದೆ. ಚಾನೆಲ್‌ಗೆ ಹಾಕಿದ ಕಡತ ಆ ತಂಡದ ಶೇರ್‌ಪಾಯಿಂಟ್ ಜಾಗದಲ್ಲಿ ಕುಳಿತಿರುತ್ತದೆ. ಖಾಸಗಿ ಚಾಟ್‌ಗೆ ಹಾಕಿದ ಕಡತ, ಕಳುಹಿಸಿದವರ ಒನ್‌ಡ್ರೈವ್‌ನಲ್ಲಿ Microsoft Teams Chat Files ಎಂಬ ಫೋಲ್ಡರ್‌ನಲ್ಲಿರುತ್ತದೆ. ಸಂದೇಶ ಅಳಿಸಿದರೆ ಕೊಂಡಿ ಹೋಗುತ್ತದೆ, ಕಡತ ಅಲ್ಲಿಯೇ ಇರುತ್ತದೆ, ಓದುವ ಅನುಮತಿ ಇದ್ದವರು ಓದುತ್ತಲೇ ಇರಬಹುದು.

ಹಾಗಾಗಿ ಆ ಹೆಣ್ಣುಮಗಳಿಗೆ ನಾನು ಹೇಳಿದ ಮೊದಲ ಮಾತು, «ಸಂದೇಶ ಬಿಡಿ, ಆ ಚಾನೆಲ್‌ನ ಮೇಲ್ಗಡೆ ಕಡತಗಳ ಟ್ಯಾಬ್ ಒತ್ತಿ» ಎಂಬುದು. ಟ್ಯಾಬ್ ತೆರೆದಾಗ ಪಟ್ಟಿಯ ತುದಿಯಲ್ಲಿಯೇ ಎಕ್ಸೆಲ್ ಕಡತ ಇತ್ತು, ಪಕ್ಕದಲ್ಲಿ ಅವರದೇ ಹೆಸರು. ಅದನ್ನು ಅಲ್ಲಿಂದ ಅಳಿಸಿದರು. ಚಾನೆಲ್‌ಗೆ ಮರಳಿ ಸಂದೇಶದ ಮೇಲೆ ಒತ್ತಿದರೆ ಕಡತ ತೆರೆಯಲಿಲ್ಲ. ಓನರ್ ಅನುಮತಿ ಕೊಡುವುದಕ್ಕೆ ಮೊದಲೇ ಸೋರಿಕೆ ನಿಂತಿತ್ತು. Delete ಗುಂಡಿ ಇಲ್ಲದ ದಿನ ಈ ದಾರಿ ಇದ್ದೇ ಇರುತ್ತದೆ, ಏಕೆಂದರೆ ಕಡತದ ಅನುಮತಿಗೂ ಸಂದೇಶದ ಅನುಮತಿಗೂ ಸಂಬಂಧವಿಲ್ಲ. ಖಾಸಗಿ ಚಾಟ್‌ನ ಕಡತವಾದರೆ ಇನ್ನೂ ಸುಲಭ: ನಿಮ್ಮ ಒನ್‌ಡ್ರೈವ್‌ಗೆ ಹೋಗಿ ಅದರ ಹಂಚಿಕೆಯನ್ನು ನಿಲ್ಲಿಸಿದರೂ ಸಾಕು.

ಅಳಿಸಿದ ಕಡತ ಮೊದಲು ಮರುಬಳಕೆ ಬುಟ್ಟಿಗೆ ಹೋಗುತ್ತದೆ, ಅಲ್ಲಿ ಒಟ್ಟು 93 ದಿನ ಇರುತ್ತದೆ. ಶೇರ್‌ಪಾಯಿಂಟ್‌ಗೂ ಸಂಗ್ರಹ ನಿಯಮ ಹಾಕಿದ್ದರೆ ಅದರ ಪ್ರತಿ Preservation Hold ಎಂಬ ಮರೆಯ ಸಂಗ್ರಹಕ್ಕೆ ಹೋಗಿ ಅವಧಿ ಮುಗಿಯುವವರೆಗೆ ಇರುತ್ತದೆ. ಸಾಮಾನ್ಯ ಸದಸ್ಯರಿಗೆ ಅದು ಕಾಣುವುದಿಲ್ಲ. ಅಳಿಸುವಾಗಲೇ ತಡೆಯೊಡ್ಡುವ ಸಂದೇಶ ಬಂದರೆ ಆ ಕಡತಕ್ಕೆ ದಾಖಲೆ ಎಂಬ ಲೇಬಲ್ ಅಂಟಿಸಿರಬಹುದು. ಆಗ ಅಡ್ಮಿನ್ ಬೇಕೇ ಬೇಕು.

## ಲಕ್ಷಣ: ನಾನು ಅಳಿಸಿದ್ದೆ, ಆದರೂ ಆಡಿಟ್‌ನಲ್ಲಿ ಹೊರಬಂತು

ಇದು ಸಂಗ್ರಹ ನಿಯಮದ ಸ್ಪಷ್ಟ ಗುರುತು. ಒಳಗೆ ನಡೆಯುವುದನ್ನು ಒಂದೇ ಸಂದೇಶ ಹಿಡಿದು ನೋಡೋಣ.

ಸಂಸ್ಥೆ «ಚಾಟ್ ಸಂದೇಶಗಳನ್ನು ಮೂರು ವರ್ಷ ಇಡು, ಆಮೇಲೆ ತೆಗೆ» ಎಂದು ನಿಯಮ ಹಾಕಿದೆ ಎನ್ನಿ. ಖರೀದಿ ವಿಭಾಗದ ನೌಕರ 2024ರ ಜೂನ್ 10ರಂದು ಮರಳು ಪೂರೈಸುವವನ ದರಕ್ಕೆ ಒಪ್ಪಿಗೆ ಎಂದು ಬರೆಯುತ್ತಾನೆ, ಸಂಜೆ ಮನಸ್ಸು ಬದಲಿಸಿ ಅಳಿಸುತ್ತಾನೆ. ಪರದೆಯಿಂದ ಅದು ಆ ಕ್ಷಣವೇ ಹೋಗುತ್ತದೆ. ಟೀಮ್ಸ್‌ನ ಚಾಟ್ ಸಂದೇಶಗಳ ಪ್ರತಿ ನೌಕರನ ಮೇಲ್‌ಬಾಕ್ಸ್‌ನಲ್ಲಿ ಕಣ್ಣಿಗೆ ಬೀಳದ ಫೋಲ್ಡರ್ ಒಂದರಲ್ಲಿ ಇರುತ್ತದೆ. ಅಳಿಸಿದ ಸಂದೇಶವನ್ನು ವ್ಯವಸ್ಥೆಯು ಅಲ್ಲಿಂದ SubstrateHolds ಎಂಬ ಇನ್ನೊಂದು ಮರೆಯ ಫೋಲ್ಡರ್‌ಗೆ ಸಾಗಿಸುತ್ತದೆ. ನೌಕರ ಔಟ್‌ಲುಕ್ ತೆರೆದು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. 2027ರ ಜೂನ್ ಕಳೆದ ಮೇಲೆ, ಹಿನ್ನೆಲೆಯಲ್ಲಿ ಓಡುವ ಶುಚಿ ಮಾಡುವ ಕೆಲಸ ಮುಂದಿನ ಬಾರಿ ಬಂದಾಗ, ಸಾಮಾನ್ಯವಾಗಿ ಒಂದರಿಂದ ಏಳು ದಿನಗಳೊಳಗೆ, ಅದು ಶಾಶ್ವತವಾಗಿ ಹೋಗುತ್ತದೆ. ಈ ನಡುವೆ ಆಡಿಟ್ ಬಂದರೆ, ಅಧಿಕಾರ ಪಡೆದವರು ಇ-ಡಿಸ್ಕವರಿ ಎಂಬ ಹುಡುಕಾಟದ ಸಾಧನದಿಂದ ಅದನ್ನು ಹೊರತೆಗೆಯಬಹುದು.

«ಹಾಗಾದರೆ ಇನ್ನೂ ಇದೆಯೇ ಸರ್? ಯಾರು ಬೇಕಾದರೂ ನೋಡಬಹುದೇ?» ಎಂದು ಆ ಹೆಣ್ಣುಮಗಳೂ ಕೇಳಿದರು. ಇಲ್ಲ. ಸರಕು ರವಾನೆಯ ಹದಿನೆಂಟು ಜನರಲ್ಲಿ ಯಾರೂ ನೋಡಲಾರರು, ತಂಡದ ಓನರ್ ಕೂಡ ನೋಡಲಾರರು. ಎಲ್ಲ ಅಧಿಕಾರವಿರುವ ಗ್ಲೋಬಲ್ ಅಡ್ಮಿನ್‌ಗೂ ಈ ಹುಡುಕಾಟದ ಹಕ್ಕು ಮೊದಲಿನಿಂದ ಇರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೊಟ್ಟುಕೊಳ್ಳಬೇಕು. ಕೊಟ್ಟುಕೊಂಡದ್ದೂ ಹುಡುಕಿದ್ದೂ ಆಡಿಟ್ ದಾಖಲೆಯಲ್ಲಿ ಬೀಳುತ್ತದೆ. ಸಾಮಾನ್ಯ ಪರವಾನಗಿಯಲ್ಲಿ ಆ ದಾಖಲೆ 180 ದಿನ ಉಳಿಯುತ್ತದೆ. ಇದನ್ನು ಕೇಳಿದ ಮೇಲೆ ಅವರ ಧ್ವನಿ ಸ್ವಲ್ಪ ಇಳಿಯಿತು.

ಸಂಸ್ಥೆಗಳು ಇಷ್ಟು ದೀರ್ಘ ಅವಧಿ ಏಕೆ ಇಡುತ್ತವೆ ಎಂಬುದೂ ನ್ಯಾಯವಾದ ಪ್ರಶ್ನೆ. 2013ರ ಕಂಪನಿ ಕಾಯ್ದೆಯ 128ನೇ ಕಲಂ ಲೆಕ್ಕದ ಪುಸ್ತಕಗಳನ್ನೂ ಅವುಗಳ ವೋಚರುಗಳನ್ನೂ ಎಂಟು ಆರ್ಥಿಕ ವರ್ಷ ಕಾಯ್ದಿಡಬೇಕು ಎನ್ನುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಎನ್ನುತ್ತದೆ. ಚಾಟ್ ಲೆಕ್ಕದ ಪುಸ್ತಕವಲ್ಲ. ಆದರೆ ಬಿಲ್ಲಿನ ದರ ಏಕೆ ಹೀಗಿದೆ ಎಂಬುದಕ್ಕೆ ಉತ್ತರ ಚಾಟ್‌ನಲ್ಲಿ ಮಾತ್ರ ಇದ್ದಾಗ, ಲೆಕ್ಕ ತಪಾಸಕರು ಅದನ್ನೂ ಇಡಿ ಎನ್ನುತ್ತಾರೆ. ಆ ಮಾತಿಗೆ ನನ್ನ ಒಪ್ಪಿಗೆ ಇದೆ. ನೌಕರರಿಗೆ ಒಂದು ಮಾತೂ ಹೇಳದೆ ನಿಯಮ ಹಾಕುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅಳಿಸಿದರೆ ಅಳಿದುಹೋಯಿತು ಎಂದು ನಂಬಿ ಜನ ತಮ್ಮ ಮನೆಯ ಸಂಕಟವನ್ನೂ ಆಸ್ಪತ್ರೆಯ ವಿಷಯವನ್ನೂ ಅಲ್ಲಿ ಬರೆಯುತ್ತಾರೆ.

ಒಬ್ಬ ನೌಕರನ ಮೇಲೆ ಎರಡು ನಿಯಮ ಬಿದ್ದರೆ ಉಳಿಸುವುದು ಗೆಲ್ಲುತ್ತದೆ. ಒಂದು ನಿಯಮ ಒಂದು ವರ್ಷಕ್ಕೆ ತೆಗೆ ಎನ್ನುತ್ತಿದ್ದು ಇನ್ನೊಂದು ಮೂರು ವರ್ಷ ಇಡು ಎಂದರೆ, ಒಂದು ವರ್ಷವಾದ ಮೇಲೆ ಸಂದೇಶ ಪರದೆಯಿಂದ ಹೋದರೂ ಮೂರು ವರ್ಷ ತುಂಬುವವರೆಗೆ ಉಗ್ರಾಣದಲ್ಲಿ ಇರುತ್ತದೆ. ಎರಡು ಉಳಿಸುವ ಅವಧಿಗಳಿದ್ದರೆ ಉದ್ದನೆಯದು ನಿಲ್ಲುತ್ತದೆ.

ಯಾವ ಸಂಗ್ರಹ ನಿಯಮವನ್ನೂ ಹಾಕದ ಸಂಸ್ಥೆಗಳಲ್ಲಿ ಯಾರೂ ಅಳಿಸದ ಸಂದೇಶ ಕಾಲಮಿತಿ ಇಲ್ಲದೆ ಉಳಿಯುತ್ತದೆ. ಆದ್ದರಿಂದ ನಿಯಮವಿಲ್ಲ ಎಂದರೆ ತಾನಾಗಿ ಅಳಿಯುತ್ತದೆ ಎಂದು ತಿಳಿಯಬೇಡಿ.

## ಲಕ್ಷಣ: ನಾನು ಅಳಿಸಲಿಲ್ಲ, ಹಳೆಯ ಸಂದೇಶ ತಾನೇ ಹೋಯಿತು

ಇದು ಅದೇ ನಿಯಮದ ಇನ್ನೊಂದು ಮುಖ. 30 ದಿನದ ನಂತರ ತೆಗೆ ಎಂಬ ನಿಯಮವಿದ್ದರೆ ಸಂದೇಶ ಸರಿಯಾಗಿ ಮೂವತ್ತನೆಯ ದಿನ ಹೋಗುವುದಿಲ್ಲ. ಅವಧಿ ಮುಗಿದ ಮೇಲೂ ಪೂರ್ತಿ ಮರೆಯಾಗಲು 16 ದಿನಗಳವರೆಗೆ ಹಿಡಿಯಬಹುದು. ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿರುವುದೂ ಈ ನಡುವಿನ ದಿನಗಳಲ್ಲಿಯೇ. ಮುಖ್ಯವಾದ ಒಪ್ಪಿಗೆಗಳನ್ನು ಚಾಟ್‌ನಲ್ಲಿಯೇ ಬಿಡದೆ ಇಮೇಲ್‌ನಲ್ಲಿ ಒಂದು ಸಾಲು ಹಾಕಿಟ್ಟುಕೊಳ್ಳಿ. ಇಮೇಲ್‌ಗೆ ಬೇರೆ ನಿಯಮ ಇರಬಹುದು, ಅದನ್ನೂ ಒಮ್ಮೆ ಕೇಳಿಕೊಳ್ಳಿ.

## ಅಡ್ಮಿನ್ ನೋಡಬೇಕಾದದ್ದು

ಮೇಲಿನ ಪರೀಕ್ಷೆಗಳೆಲ್ಲ ಮುಗಿದು ದೂರು ನಿಮ್ಮ ಬಳಿಗೆ ಬಂದಿದ್ದರೆ, ಮೊದಲು ಆ ನೌಕರನಿಗೆ ಯಾವ ಮೆಸೇಜಿಂಗ್ ಪಾಲಿಸಿ ಇದೆ ಎಂದು ನೋಡಿ. ಟೀಮ್ಸ್‌ನ ಪವರ್‌ಶೆಲ್‌ನಲ್ಲಿ ಲಾಗಿನ್ ಆದ ಮೇಲೆ:

```
Get-CsOnlineUser -Identity "user@example.com" | Select-Object TeamsMessagingPolicy
Get-CsTeamsMessagingPolicy -Identity Global | Select-Object AllowUserDeleteMessage, AllowUserEditMessage, AllowOwnerDeleteMessage
```

ಮೊದಲ ಸಾಲಿನ ಉತ್ತರ ಖಾಲಿ ಬಂದರೆ Global ಪಾಲಿಸಿಯೇ ಅನ್ವಯ. ಹೆಸರು ಬಂದರೆ ಎರಡನೆಯ ಸಾಲಿನಲ್ಲಿ Global ಬದಲು ಆ ಹೆಸರು ಹಾಕಿ. AllowUserDeleteMessage ಎದುರಿಗೆ False ಇದ್ದರೆ ಗುಂಡಿ ಮಾಯವಾಗಿದ್ದು ಅದರಿಂದಲೇ. ಅದು True ಇದ್ದೂ ಗುಂಡಿ ಇಲ್ಲವೆಂದರೆ ಮತ್ತೆ ತಂಡದ ಓನರ್ ಹತ್ತಿರ ಹೋಗಿ. ಬದಲಾವಣೆ ಮಾಡಿದರೆ ನೌಕರನಿಗೆ ತಲುಪಲು 24 ಗಂಟೆಯವರೆಗೆ ಬೇಕಾಗಬಹುದು. ಎರಡೇ ನಿಮಿಷದಲ್ಲಿ ಕಾಣಲಿಲ್ಲವೆಂದು ಮತ್ತೆ ಮತ್ತೆ ಬದಲಿಸುತ್ತಾ ಹೋದರೆ ಯಾವ ಬದಲಾವಣೆ ಕೆಲಸ ಮಾಡಿತು ಎಂದೇ ತಿಳಿಯುವುದಿಲ್ಲ.

AllowOwnerDeleteMessage ತೆರೆದಿದ್ದರೆ ಚಾನೆಲ್‌ನಲ್ಲಿ ಸದಸ್ಯರ ಸಂದೇಶವನ್ನು ಓನರ್ ತಾವೇ ಅಳಿಸಬಹುದು. ನೌಕರರ ಕೈಯಿಂದ ಅಳಿಸುವ ಅಧಿಕಾರ ತೆಗೆಯಲೇಬೇಕಾದ ಸಂಸ್ಥೆಗಳಿಗೆ ನಾನು ಇದನ್ನು ತೆರೆದಿಡಿ ಎನ್ನುತ್ತೇನೆ. ತುರ್ತಿನಲ್ಲಿ ಒಬ್ಬರ ಕೈಯಲ್ಲಾದರೂ ಕೀಲಿ ಇರಬೇಕು.

ಸಂಗ್ರಹ ನಿಯಮಗಳು ಟೀಮ್ಸ್‌ನ ಅಡ್ಮಿನ್ ಕೇಂದ್ರದಲ್ಲಿ ಇಲ್ಲ, ಮೈಕ್ರೋಸಾಫ್ಟ್‌ನ ಪರ್ವ್ಯೂ ಎಂಬ ಬೇರೆ ತಾಣದಲ್ಲಿ ಇವೆ. ಅಲ್ಲಿಗೆ ಪ್ರತ್ಯೇಕವಾಗಿ ಸಂಪರ್ಕಿಸಬೇಕು:

```
Connect-IPPSSession
Get-RetentionCompliancePolicy -DistributionDetail | Format-List Name, Enabled, TeamsChatLocation, TeamsChannelLocation
```

ಚಾಟ್ ಮತ್ತು ಚಾನೆಲ್ ಇಲ್ಲಿ ಎರಡು ಬೇರೆ ಜಾಗಗಳು. ಚಾಟ್‌ಗೆ ಒಂದು ವರ್ಷ, ಚಾನೆಲ್‌ಗೆ ಮೂರು ವರ್ಷ ಇರುವುದು ಸಾಮಾನ್ಯ. ನೌಕರನಿಗೆ ಉತ್ತರ ಕೊಡುವ ಮೊದಲು ಸಂದೇಶ ಎಲ್ಲಿತ್ತು ಎಂದು ಕೇಳಿ. ಹೊಸ ನಿಯಮ ಅಥವಾ ತಿದ್ದಿದ ನಿಯಮ ಜಾರಿಗೆ ಬರಲು ಏಳು ದಿನಗಳವರೆಗೆ ಬೇಕಾಗಬಹುದು.

ಒಬ್ಬರ ಒತ್ತಾಯಕ್ಕೆ ಮಣಿದು ಸಂಗ್ರಹ ನಿಯಮವನ್ನು ನಿಲ್ಲಿಸಬೇಡಿ. ಅದು ಒಂದು ಸಂದೇಶಕ್ಕಲ್ಲ, ಎಲ್ಲರ ಸಂದೇಶಗಳಿಗೂ ಅನ್ವಯವಾಗುತ್ತದೆ, ಅವಧಿ ಮೀರಿದ್ದೆಲ್ಲ ಒಟ್ಟಿಗೆ ಹೋಗಬಹುದು. ನಿಯಮಕ್ಕೆ Preservation Lock ಹಾಕಿದ್ದರೆ ಅದನ್ನು ನಿಲ್ಲಿಸುವುದೂ ಅವಧಿ ಇಳಿಸುವುದೂ ಗ್ಲೋಬಲ್ ಅಡ್ಮಿನ್‌ಗೂ ಸಾಧ್ಯವಿಲ್ಲ. ಅವಧಿ ಏರಿಸಬಹುದು, ಹೊಸ ಜಾಗಗಳನ್ನು ಸೇರಿಸಬಹುದು ಅಷ್ಟೇ. ನಿಜವಾಗಿಯೂ ಉಗ್ರಾಣದಿಂದಲೇ ತೆಗೆಯಬೇಕಾದ ಸೋರಿಕೆ ಆಗಿದ್ದರೆ ಇ-ಡಿಸ್ಕವರಿಯಲ್ಲಿ ಹುಡುಕಿ ನಿರ್ಮೂಲ ಮಾಡುವ ವಿಧಾನವಿದೆ. ಅದಕ್ಕೆ ಆ ಮೇಲ್‌ಬಾಕ್ಸ್‌ ಮೇಲಿನ ತಡೆಗಳನ್ನು ಮೊದಲು ತೆಗೆಯಬೇಕಾಗುವುದರಿಂದ ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಕೈ ಹಾಕಬೇಡಿ.

## ಎಲ್ಲಿ ನಿಲ್ಲಬೇಕು

ಕಂಪನಿಗೆ ನೋಟಿಸ್ ಬಂದಿದ್ದರೆ, ಆಂತರಿಕ ವಿಚಾರಣೆ ನಡೆದಿದ್ದರೆ, ಕಿರುಕುಳದ ದೂರು ದಾಖಲಾಗಿದ್ದರೆ ಆ ವಿಷಯದ ಯಾವ ಸಂದೇಶವನ್ನೂ ಅಳಿಸಬೇಡಿ, ತಿದ್ದಬೇಡಿ. ಗುಂಡಿ ಕಂಡರೂ ಒತ್ತಬೇಡಿ. ಸಾಕ್ಷ್ಯವಾಗಬಹುದಾದ ಎಲೆಕ್ಟ್ರಾನಿಕ್ ದಾಖಲೆಯನ್ನು ಉದ್ದೇಶಪೂರ್ವಕವಾಗಿ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ನಿಮಗೆ ಕಿರುಕುಳ ಕೊಟ್ಟವರು ತಮ್ಮ ಸಂದೇಶ ಅಳಿಸಿಬಿಟ್ಟಿದ್ದರೆ ಧೈರ್ಯ ಕಳೆದುಕೊಳ್ಳಬೇಡಿ. ಸಂಗ್ರಹ ನಿಯಮವಿರುವ ಸಂಸ್ಥೆಯಲ್ಲಿ ಅದು ಉಳಿದಿರುವ ಸಾಧ್ಯತೆ ಹೆಚ್ಚು. ದಿನಾಂಕ, ವೇಳೆ ಬರೆದಿಟ್ಟು ಬೇಗ ದೂರು ಕೊಡಿ, ಅವಧಿ ಮುಗಿಯುವ ಮೊದಲು ತಡೆ ಹಾಕಿಸಲು ಬರುತ್ತದೆ.

ಪಾಸ್‌ವರ್ಡ್ ಅಥವಾ ಒಟಿಪಿ ತಪ್ಪಿ ಹೋಗಿದ್ದರೆ ಅಳಿಸುವ ದಾರಿ ಹುಡುಕುತ್ತಾ ಕೂರಬೇಡಿ, ಮೊದಲು ಪಾಸ್‌ವರ್ಡ್ ಬದಲಿಸಿ. ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳಾದರೆ ಕಡತ ತೆಗೆದು ಮೇಲಿನವರಿಗೆ ಆ ದಿನವೇ ಹೇಳಿ. ಅಳಿಸುವ ಆಸೆಗೆ ಹೊರಗಿನ ಯಾವುದೋ ಆ್ಯಪ್ ಅಥವಾ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ ಅದಕ್ಕೆ ಕಚೇರಿಯ ಲಾಗಿನ್ ಕೊಡಬೇಡಿ. ಸರ್ವರ್‌ನಲ್ಲಿರುವ ಅನುಮತಿಯನ್ನು ಅವು ಬದಲಿಸಲಾರವು, ನಿಮ್ಮ ಲಾಗಿನ್ ಮಾತ್ರ ಅವುಗಳ ಪಾಲಾಗುತ್ತದೆ.

ಅಡ್ಮಿನ್‌ಗೆ ಬರೆಯುವಾಗ ಸಂದೇಶದ ಒಳಗಿನ ವಿಷಯವನ್ನು ಮತ್ತೆ ಬರೆಯಬೇಡಿ, ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಬೇಡಿ. ಹಾಗೆ ಮಾಡಿದರೆ ಅದೇ ಖಾತೆ ಸಂಖ್ಯೆಗಳು ಇನ್ನೊಂದು ಕಡೆ ಬೀಳುತ್ತವೆ. ಸಂದೇಶದ ಮೂರು ಚುಕ್ಕಿಗಳಲ್ಲಿ Copy link ಇರುತ್ತದೆ, ಆ ಕೊಂಡಿ ಸಾಕು. ಜೊತೆಗೆ ಕಳುಹಿಸಿದ ವೇಳೆ, ಚಾಟೋ ಚಾನೆಲ್ಲೋ ಎಂಬುದು, «ಪರೀಕ್ಷೆ» ಸಂದೇಶದಲ್ಲಿ ಗುಂಡಿ ಕಂಡಿತೋ ಇಲ್ಲವೋ ಎಂಬುದು, ಕಡತವಿದ್ದರೆ ಅದನ್ನು ಈಗಾಗಲೇ ತೆಗೆದಿದ್ದೀರೋ ಎಂಬುದು. ಆ ಶನಿವಾರ ಲೆಕ್ಕಪತ್ರ ವಿಭಾಗದ ಆ ಹೆಣ್ಣುಮಗಳು ನನಗೆ ಕಳುಹಿಸಿದ್ದೂ ಇಷ್ಟೇ ನಾಲ್ಕು ಸಾಲು. ಒಂದೂಕಾಲಿಗೆ ಸಾಹೇಬರು ಅನುಮತಿ ತೆರೆದರು, ಆ ಹೆಣ್ಣುಮಗಳು ಲಾಗೌಟ್ ಆಗಿ ಮತ್ತೆ ಬಂದರು, ಗುಂಡಿ ಕಂಡಿತು, ಒತ್ತಿದರು. ಒಂದೂವರೆಗೆ ಸಾಹೇಬರು ಗುರುತನ್ನು ಮೊದಲಿನಂತೆ ಮಾಡಿದರು. ಸೋಮವಾರ ವ್ಯವಸ್ಥಾಪಕರು ನಲವತ್ತೊಂದು ಕಾರ್ಮಿಕರನ್ನೂ ಕರೆದು ನಡೆದದ್ದನ್ನು ಹೇಳಿದರು.